ಸೇಲ್ ಪುಸ್ತಕದಲ್ಲಿ ಬರೆಯದ ಲೆಕ್ಕ: ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ನನ್ನು ಅಳೆಯುವುದು ಹೇಗೆ?



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ‘ಸಿಬ್ಬಂದಿ ನಿರ್ವಹಣೆ’ ಪಾಠದಲ್ಲಿ ಕಾರ್ಯನಿರ್ವಹಣಾ ಮೌಲ್ಯಮಾಪನ ಎಂಬ ಹಂತ ಬರುತ್ತದೆ. ನೌಕರನ ಕೆಲಸವನ್ನು ಮೊದಲೇ ಗೊತ್ತುಮಾಡಿದ ಮಾನದಂಡದೊಂದಿಗೆ ಹೋಲಿಸಿ ನೋಡುವುದು ಎಂದು ನೀವು ಪರೀಕ್ಷೆಯಲ್ಲಿ ಬರೆಯುತ್ತೀರಿ, ಅಂಕವೂ ಬರುತ್ತದೆ. ಆದರೆ ಮಾನದಂಡವೇ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಉಪನ್ಯಾಸಕನಾಗುವ ಮೊದಲು ನಾನು ಸಿಂದಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ನನ್ನ ಕೈಯಿಂದಲೇ ಒಬ್ಬರ ಕೆಲಸ ಹೋಗುವುದಿತ್ತು. ಆ ಸಂಗತಿಯನ್ನೇ ಈ ಸಲದ ಪಾಠವಾಗಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ.

ಎರಡು ಗಾದಿ, ಎರಡು ಸಂಖ್ಯೆ

ಅಂಗಡಿಯಲ್ಲಿ ಸೀರೆಗೆ ಎರಡು ಗಾದಿಗಳಿದ್ದವು. ಬಾಗಿಲ ಹತ್ತಿರದ ಗಾದಿಯಲ್ಲಿ ದಿನಬಳಕೆಯ ಸೀರೆ, ಪಾಲಿಯೆಸ್ಟರ್, ಪ್ರಿಂಟ್ ಸೀರೆ, ಜೊತೆಗೆ ಕಡಿಮೆ ದರದ ಇಳಕಲ್ ಮಾದರಿಯ ಸೀರೆಗಳು. ಒಳಗಿನ ಗಾದಿಯಲ್ಲಿ ಕೈಮಗ್ಗದ ಇಳಕಲ್, ಒಂಬತ್ತು ಗಜದ ಸೀರೆ, ರೇಷ್ಮೆ. ಮುಂದಿನ ಗಾದಿಯಲ್ಲಿ ಕೂರುತ್ತಿದ್ದವರು ಪಿಯುಸಿ ಓದಿದ ಚುರುಕು ಮಾತಿನ ತರುಣ. ಒಳಗಿನ ಗಾದಿಯವರು ಐವತ್ತರ ಸಮೀಪದವರು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು, ಮಾತು ಕಡಿಮೆ.

ಪ್ರತಿ ಬಿಲ್ಲಿನ ಮೇಲೆ ಸೇಲ್ಸ್‌ಮನ್‌ನ ನಂಬರ್ ಬರೆಯುವ ಪದ್ಧತಿ ಇತ್ತು. ತಿಂಗಳ ಕೊನೆಗೆ ನಂಬರ್ ಪ್ರಕಾರ ಕೂಡಿಸಿ ಮಾಲಕರಿಗೆ ಕೊಡುವುದು ನನ್ನ ಕೆಲಸ. ಲಗ್ನದ ಸೀಜನ್ ಮುಗಿದ ತಿಂಗಳು ಮುಂದಿನ ಗಾದಿಯ ಮಾರಾಟ ₹3,60,000, ಒಳಗಿನದು ₹2,16,000. ಮಾಲಕರು ಚೀಟಿ ನೋಡಿ ಅಂದರು: “ಇಬ್ಬರಿಗೂ ಪಗಾರ ಹೆಚ್ಚೂಕಮ್ಮಿ ಒಂದ ಐತಿ. ಸೇಲ್ ನೋಡ್ರಿ, ಎಷ್ಟ ಫರಕ್! ಸೀಜನ್ ಮುಗೀತು, ಒಳಗಿನವರನ್ನ ಬಿಡಿಸಿ ಒಬ್ಬ ಹೊಸ ಹುಡುಗನ್ನ ಹಾಕೋಣ.”

ನಾನು ಆಗ ಬಿ.ಕಾಂ. ಮುಗಿಸಿ ಬಂದಿದ್ದೆ. “ಮಾಲಕರ, ಹದಿನೈದು ದಿನ ಕೊಡ್ರಿ, ಸರಿಯಾಗಿ ಅಳೆದು ಹೇಳತೀನಿ” ಎಂದೆ. ಅವರು ಒಪ್ಪಿದರು. ಮೊದಲು ಇಬ್ಬರೂ ಸೇಲ್ಸ್‌ಮನ್‌ಗಳನ್ನು ಕೂರಿಸಿ, ಏನನ್ನು ನೋಡುತ್ತೇವೆ, ಎಷ್ಟು ದಿನ ನೋಡುತ್ತೇವೆ ಎಂದು ತಿಳಿಸಿದೆವು. ಗುಟ್ಟಾಗಿ ಅಳೆದರೆ ಮುಂದೆ ಅವರೊಂದಿಗೆ ಕೂತು ಅದೇ ಅಳತೆಯ ಬಗ್ಗೆ ಮಾತಾಡುವುದು ಕಷ್ಟ.

ಮೊದಲ ಹೆಜ್ಜೆ: ಸಂಖ್ಯೆಯನ್ನೇ ಬಿಡಿಸಿ ನೋಡುವುದು

ಮಾರಾಟದ ಮೊತ್ತ ಸುಳ್ಳಲ್ಲ. ಆದರೆ ಅದರೊಳಗೆ ಸೇಲ್ಸ್‌ಮನ್‌ನ ಕೈಯಲ್ಲಿಲ್ಲದ ಎಷ್ಟೋ ಸಂಗತಿಗಳು ಸೇರಿರುತ್ತವೆ. ಬಾಗಿಲ ಹತ್ತಿರ ಕೂತವನ ಮುಂದೆ ಬಂದವರೆಲ್ಲ ಮೊದಲು ನಿಲ್ಲುತ್ತಾರೆ. ಒಳಗಿನ ಗಾದಿಗೆ ಬರುವವರು ಕೇಳಿಕೊಂಡು ಬರುವವರು ಮಾತ್ರ. ಆದ್ದರಿಂದ ಎಷ್ಟು ಮಾರಿದರು ಎನ್ನುವುದಕ್ಕೆ ಮೊದಲು ಎಷ್ಟು ಗಿರಾಕಿಗಳು ಅವರ ಮುಂದೆ ಕೂತರು ಎಂದು ತಿಳಿಯಬೇಕು. ನಾನು ಗಲ್ಲಾದ ಪಕ್ಕ ಒಂದು ವಹಿ ಇಟ್ಟು ಹದಿನೈದು ದಿನ ಗೀಟು ಹಾಕಿದೆ. ಒಂದು ಮನೆಯವರು ಗುಂಪಾಗಿ ಬಂದರೆ ಒಂದೇ ಗೀಟು.

ಮುಂದಿನ ಗಾದಿಯಲ್ಲಿ 240 ಗಿರಾಕಿಗಳು ಕೂತಿದ್ದರು, 120 ಬಿಲ್ ಆಗಿದ್ದವು. ಅಂದರೆ ನೂರಕ್ಕೆ 50. ಒಳಗಿನ ಗಾದಿಯಲ್ಲಿ ಕೂತವರು 90, ಬಿಲ್ 54. ಅಂದರೆ ನೂರಕ್ಕೆ 60. ಮಾರಾಟದ ಮೊತ್ತದಲ್ಲಿ ಹಿಂದೆ ಇದ್ದವರು, ಬಂದವರನ್ನು ಕೊಳ್ಳುವಂತೆ ಮಾಡುವುದರಲ್ಲಿ ಮುಂದೆ ಇದ್ದರು.

ಇಷ್ಟಕ್ಕೇ ಒಳಗಿನವರೇ ಜಾಣರು ಎಂದು ತೀರ್ಮಾನಿಸಿದರೆ ಅದೂ ತಪ್ಪು. ಒಳಗಿನ ಗಾದಿಗೆ ಬರುವವರು ಕೊಳ್ಳಲೆಂದೇ ಬಂದವರು. ಮುಂದಿನ ಗಾದಿಯ ಮುಂದೆ ಸುಮ್ಮನೆ ದರ ಕೇಳಿ ಹೋಗುವವರೂ ಇರುತ್ತಾರೆ. 50 ಮತ್ತು 60ರ ನಡುವಿನ ಅಂತರ ಇದರಿಂದಲೇ ಬಂದಿರಬಹುದು. ಸಂಖ್ಯೆ ಇಲ್ಲಿ ಹೇಳಿದ್ದು ಇಷ್ಟೇ: ಒಳಗಿನವರನ್ನು ಬಿಡಿಸಲು ಮಾರಾಟದ ಮೊತ್ತ ಸಾಕಾದ ಕಾರಣವಲ್ಲ.

ಇನ್ನೊಂದು ಲೆಕ್ಕ ಸೇಲ್ ಪುಸ್ತಕದಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಮಾಲು ವಾಪಸ್ ತಂದರೆ ಹಣ ಕೊಡುತ್ತಿರಲಿಲ್ಲ, ಬೇರೆ ಸೀರೆ ಕೊಡುತ್ತಿದ್ದೆವು. ಹಣ ಗಲ್ಲಾದಲ್ಲೇ ಉಳಿಯುವುದರಿಂದ ಮೊತ್ತ ಕಡಿಮೆಯಾಗುತ್ತಿರಲಿಲ್ಲ. ಬಿಲ್ಲಿನ ಹಿಂದೆ ‘ಬದಲಿ’ ಎಂದು ಬರೆದಿರುತ್ತಿತ್ತು, ಅಷ್ಟೆ. ಆ ಹದಿನೈದು ದಿನದ ಬಿಲ್ಲುಗಳನ್ನು ಮುಂದಿನ ಒಂದು ತಿಂಗಳು ಗಮನಿಸಿದಾಗ ಮುಂದಿನ ಗಾದಿಯ 120ರಲ್ಲಿ 18 ಬಿಲ್ ಬದಲಿಗೆ ಬಂದಿದ್ದವು, ಒಳಗಿನ 54ರಲ್ಲಿ 2. ಇಲ್ಲೂ ಅವಸರ ಮಾಡಬಾರದು. ಕಾರಣ ವಿಂಗಡಿಸಿದೆ. ಆ 18ರಲ್ಲಿ 5 ನೇಯ್ಗೆಯ ದೋಷ, ಅದು ಸೇಲ್ಸ್‌ಮನ್‌ನ ತಪ್ಪಲ್ಲ. 4 ಮನೆಯಲ್ಲಿ ಬಣ್ಣ ಒಪ್ಪಿಗೆಯಾಗದ್ದು. ಉಳಿದ 9ರಲ್ಲಿ ಗಿರಾಕಿ ಹೇಳಿದ್ದು ಒಂದೇ ಮಾತು: “ನೀವು ಹೇಳಿದ್ದೊಂದು, ಸೀರಿ ಇರೋದೊಂದು.” ಒಳಗಿನ ಗಾದಿಯ ಎರಡರಲ್ಲಿ ಇಂಥದ್ದು ಒಂದೂ ಇರಲಿಲ್ಲ. ಆ ಒಂಬತ್ತು ಬಿಲ್ಲುಗಳು ನನ್ನನ್ನು ಮುಂದಿನ ಪ್ರಶ್ನೆಗೆ ಕರೆದೊಯ್ದವು: ಮಾಲಿನ ತಿಳಿವಳಿಕೆ.

ಎರಡನೇ ಹೆಜ್ಜೆ: ಮಾಲಿನ ತಿಳಿವಳಿಕೆ, ಮತ್ತು ನಾನು ಮಾಡಿದ ತಪ್ಪು

ಇಳಕಲ್ ಸೀರೆಯ ಗುರುತು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮುದ್ದೇಬಿಹಾಳದ ಆಚೆ, ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೇ ಕೊಂಡಿ ಪದ್ಧತಿ ಎನ್ನುತ್ತಾರೆ. ಆದ್ದರಿಂದ ಒಡಲು ಹತ್ತಿಯದಾಗಿದ್ದು ಸೆರಗು ಕೆಂಪು ರೇಷ್ಮೆಯದಾಗಿರಲು ಸಾಧ್ಯ. ಸೆರಗಿನ ಕೆಂಪಿನ ಮೇಲೆ ಬಿಳಿಯ ತೆನೆಯಂತೆ ಕಾಣುವ ಚಿತ್ತಾರವೇ ತೋಪ ತೆನಿ. ಒಡಲು ಮತ್ತು ಸೆರಗು ಕೂಡುವ ಜಾಗವನ್ನು ತಿರುವಿ ನೋಡಿದರೆ ಕೊಂಡಿಯ ಸಾಲು ಬೆರಳಿಗೆ ಹತ್ತುತ್ತದೆ. ವಿದ್ಯುತ್ ಮಗ್ಗದ ನಕಲಿನಲ್ಲಿ ಒಂದೇ ಹಾಸು ಕೊನೆಯವರೆಗೂ ಹರಿದಿರುತ್ತದೆ, ಕೊಂಡಿ ಇರುವುದಿಲ್ಲ. ದೂರದಿಂದ ಎರಡೂ ಒಂದೇ. ‘ಚಮಕಾ’ ಎಂದು ಕರೆಯುವ ಕೃತಕ ರೇಷ್ಮೆಯ ಹೊಳಪು ನೋಡಿ ಶುದ್ಧ ರೇಷ್ಮೆ ಎಂದು ತಿಳಿಯುವವರೂ ಇದ್ದಾರೆ. ಒಂದು ಎಳೆ ಸುಟ್ಟರೆ ಗೊತ್ತಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಕೃತಕ ರೇಷ್ಮೆ ಕಾಗದ ಸುಟ್ಟಂತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಬ್ಬರಿಗೂ ಇದೆಲ್ಲ ಎಷ್ಟು ಗೊತ್ತು ಎಂದು ನೋಡಲು ನಾನು ಹತ್ತು ಪ್ರಶ್ನೆಗಳ ಹಾಳೆ ತಯಾರಿಸಿದೆ. ಬರೆದು ಉತ್ತರಿಸಬೇಕು. ಮುಂದಿನ ಗಾದಿಯವರಿಗೆ 10ಕ್ಕೆ 8 ಬಂದವು, ಒಳಗಿನವರಿಗೆ 3. ಅವರು ನಾಲ್ಕು ಪ್ರಶ್ನೆ ಹಾಗೇ ಬಿಟ್ಟಿದ್ದರು. ಮಾಲಕರು ಹಾಳೆ ನೋಡಿ, “ನಾ ಅಂದಿದ್ದೆ ಅಲ್ಲ?” ಎಂದರು. ನಾನೂ ಸುಮ್ಮನಾದೆ.

ಅಂದೇ ಸಂಜೆ ಒಬ್ಬ ಅಜ್ಜಿ ಮಗಳ ಕುಬಸಕ್ಕೆಂದು ಒಯ್ದ ಸೀರೆ ವಾಪಸ್ ತಂದಿದ್ದರು. ಒಳಗಿನ ಗಾದಿಯವರು ಸೀರೆಯನ್ನು ಬಿಚ್ಚಲೂ ಇಲ್ಲ. ಮಡಿಕೆಯೊಳಗೆ ಹೆಬ್ಬೆರಳು ಹಾಕಿ ಸೆರಗು ಕೂಡುವ ಜಾಗ ಮುಟ್ಟಿ, “ಯವ್ವಾ, ಇದು ಕೈಮಗ್ಗದ್ದಲ್ಲ, ಮಷಿನ್ ಸೀರಿ. ಕೈಮಗ್ಗದ್ದು ಅಂತ ಯಾರ ಹೇಳಿದ್ರು ನಿಮಗ?” ಎಂದರು. ನಾನು ಅದೇ ಕ್ಷಣ ನನ್ನ ತಪ್ಪು ಕಂಡೆ. ನನ್ನ ಹಾಳೆ ಅಳೆದದ್ದು ಅವರ ಮಾಲಿನ ತಿಳಿವಳಿಕೆಯನ್ನಲ್ಲ, ಓದುಬರಹವನ್ನು. ಮುಂದಿನವರು ಕೊಂಡಿ, ತೋಪ ತೆನಿ ಎಂಬ ಶಬ್ದಗಳನ್ನು ಬಲ್ಲವರು. ಸೀರೆ ಕೈಗೆ ಕೊಟ್ಟರೆ ಗುರುತಿಸುತ್ತಾರೆಯೇ ಎಂದು ಹಾಳೆ ಕೇಳಿರಲಿಲ್ಲ. ಮೌಲ್ಯಮಾಪನದ ಮೊದಲ ನಿಯಮ ಇದು: ಕೆಲಸ ಹೇಗೆ ನಡೆಯುತ್ತದೆಯೋ ಪರೀಕ್ಷೆಯೂ ಹಾಗೇ ಇರಬೇಕು. ಸೇಲ್ಸ್‌ಮನ್ ಗಿರಾಕಿಗೆ ಬರೆದು ಕೊಡುವುದಿಲ್ಲ. ಮುಟ್ಟಿ, ಬಿಚ್ಚಿ, ಬಾಯಿಯಿಂದ ಹೇಳುತ್ತಾನೆ.

ಮರುದಿನ ಅಂಗಡಿ ತೆರೆಯುವ ಮೊದಲು ಐದು ಸೀರೆಗಳನ್ನು ಚೀಟಿ ತೆಗೆದು ಗಾದಿಯ ಮೇಲಿಟ್ಟೆ. ಒಬ್ಬರ ನಂತರ ಒಬ್ಬರು. ಪ್ರತಿ ಸೀರೆಗೆ ನಾಲ್ಕೇ ಪ್ರಶ್ನೆ: ಒಡಲು ಮತ್ತು ಸೆರಗು ಯಾವ ನೂಲಿನದು? ಕೈಮಗ್ಗವೋ ವಿದ್ಯುತ್ ಮಗ್ಗವೋ, ಹೇಗೆ ಗೊತ್ತಾಯಿತು? ಮೊದಲ ಸಲ ತೊಳೆಯುವುದು ಹೇಗೆ? ಎಂಥ ಗಿರಾಕಿಗೆ ತೋರಿಸುತ್ತೀರಿ, ಎಂಥವರಿಗೆ ಬೇಡ? ಒಟ್ಟು 20 ಅಂಕ. ತೊಳೆಯುವ ಪ್ರಶ್ನೆ ಸಣ್ಣದೆಂದು ತಿಳಿಯಬೇಡಿ. ಸೆರಗಿನ ಕೆಂಪು ಬಣ್ಣ ಬಿಟ್ಟು ಒಡಲಿಗೆ ಹತ್ತಿತೆಂಬ ದೂರು ನಮ್ಮಲ್ಲಿ ಪದೇ ಪದೇ ಬರುತ್ತಿತ್ತು. ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ತೊಳೆದು ನೆರಳಲ್ಲಿ ಒಣಗಿಸಬೇಕೆಂದು ಮಾರುವಾಗಲೇ ಒಂದು ಮಾತು ಹೇಳಿದರೆ ಅಂಥ ದೂರು ಕಡಿಮೆಯಾಗುತ್ತದೆ.

ಒಳಗಿನವರಿಗೆ 18 ಬಂದವು. ಮುಂದಿನವರಿಗೆ 8. ಮಾಲಕರೂ ಹುರುಪಿನಿಂದ ಕೂತರು, ಅವರಿಗೆ 15. ಆಮೇಲೆ ಅವರು ಹಳೆಯ ಹಾಳೆಯ ಮಾತು ಎತ್ತಲಿಲ್ಲ.

ಇನ್ನೊಂದು ಕಾಲಂ ನಾನು ಬೇರೆ ಇಟ್ಟಿದ್ದೆ. ಉತ್ತರ ಗೊತ್ತಿಲ್ಲದಾಗ “ಗೊತ್ತಿಲ್ಲ, ಕೇಳಿ ಹೇಳತೀನಿ” ಎಂದರೆ ಸೊನ್ನೆ ಅಂಕ ಮಾತ್ರ. ತಪ್ಪನ್ನು ಧೈರ್ಯದಿಂದ ಹೇಳಿದರೆ ಅದನ್ನು ಆ ಕಾಲಂನಲ್ಲಿ ಗುರುತು ಹಾಕುತ್ತಿದ್ದೆ. ಮುಂದಿನವರು ಕಳೆದುಕೊಂಡ 12 ಅಂಕಗಳಲ್ಲಿ 9 ಇಂಥವು. ಗಿರಾಕಿಗೆ ನಷ್ಟವಾಗುವುದು ಸೇಲ್ಸ್‌ಮನ್‌ನಿಗೆ ಗೊತ್ತಿಲ್ಲದ್ದರಿಂದ ಅಷ್ಟಲ್ಲ, ಗೊತ್ತಿಲ್ಲದೆ ಹೇಳಿದ್ದರಿಂದ. ಬದಲಿಗೆ ಬಂದ ಆ ಒಂಬತ್ತು ಬಿಲ್ಲುಗಳ ಮೂಲ ಇಲ್ಲಿ ಸಿಕ್ಕಿತು. ಅವರು ಮೋಸ ಮಾಡುತ್ತಿರಲಿಲ್ಲ. ತಾವು ಹೇಳಿದ್ದು ನಿಜವೆಂದೇ ನಂಬಿದ್ದರು.

ಮೂರನೇ ಹೆಜ್ಜೆ: ಗಿರಾಕಿಯೊಡನೆ ವರ್ತನೆ

ಈಗ ಒಳಗಿನವರೇ ಉತ್ತಮ ಸೇಲ್ಸ್‌ಮನ್ ಎಂದು ನಿಮಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಇದೇ ಇನ್ನೊಂದು ಬಲೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿ ಒಂದು ಸಂಗತಿ ತೋರಿಸಿದ. ಒಂದು ಗುಣದಲ್ಲಿ ಮೇಲೆ ಎಂದು ಕಂಡವನಿಗೆ, ಅದಕ್ಕೆ ಸಂಬಂಧವಿಲ್ಲದ ಗುಣಗಳಲ್ಲೂ ಮೇಲಿನ ಅಂಕ ಬಿದ್ದಿತ್ತು. ಇದನ್ನು ಪ್ರಭಾವಳಿ ಪರಿಣಾಮ ಎನ್ನುತ್ತೇವೆ. ಮಾಲಕರಿಗೆ ಮುಂದಿನವರ ಮಾತಿನ ಚುರುಕು ನೋಡಿ ಅವರಿಗೆ ಮಾಲೂ ಗೊತ್ತು ಎನ್ನಿಸಿತ್ತು. ನನಗೆ ಒಳಗಿನವರ ಹೆಬ್ಬೆರಳು ನೋಡಿ ಅವರು ಎಲ್ಲದರಲ್ಲೂ ಮೇಲು ಎನ್ನಿಸತೊಡಗಿತ್ತು. ಇಬ್ಬರದೂ ಒಂದೇ ತಪ್ಪು. ಇದಕ್ಕೆ ಔಷಧವೆಂದರೆ ಒಂದೊಂದು ಗುಣವನ್ನೂ ಬೇರೆ ಬೇರೆಯಾಗಿ, ಬೇರೆ ಸಾಕ್ಷಿಯಿಂದ ಅಳೆಯುವುದು.

ವರ್ತನೆಯನ್ನು ಅಳೆಯುವಾಗ ‘ಉತ್ತಮ’, ‘ಸಾಧಾರಣ’ ಎಂಬ ಶಬ್ದಗಳು ಕೆಲಸಕ್ಕೆ ಬಾರವು. ಅವು ಬರೆಯುವವನ ಮನಸ್ಸನ್ನು ಹೇಳುತ್ತವೆ, ನಡೆದದ್ದನ್ನು ಹೇಳುವುದಿಲ್ಲ. ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆ ವಿಧಾನ ಇಲ್ಲಿ ನೆರವಾಗುತ್ತದೆ. ವಹಿಯಲ್ಲಿ ಮೂರು ಸಂಗತಿ ಬರೆಯಬೇಕು: ಗಿರಾಕಿ ಏನು ಕೇಳಿದರು, ಸೇಲ್ಸ್‌ಮನ್ ಏನು ಮಾಡಿದರು, ಕೊನೆಗೆ ಏನಾಯಿತು. ಅದೇ ದಿನ, ಮರೆಯುವ ಮೊದಲು ಬರೆಯಬೇಕು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆಯಬೇಕು.

ನನ್ನ ವಹಿಯಿಂದ ಎರಡು ಘಟನೆ. ಒಂದು: ಭೀಮಾ ಸೇತುವೆ ದಾಟಿ ಅಫಜಲಪುರ ಕಡೆಯಿಂದ ಒಂದು ಕುಟುಂಬ ಬಂದಿತ್ತು. ಮುಂದಿನ ಗಾದಿಯವರು ಮೊದಲು ನೀರು ಕೊಟ್ಟರು, ಅಳುತ್ತಿದ್ದ ಕೂಸಿಗೆ ಖಾಲಿ ಡಬ್ಬಿ ಕೊಟ್ಟು ಸುಮ್ಮನಾಗಿಸಿದರು, “ಯಾರಿಗ್ರಿ ಅಕ್ಕಾರ, ಯಾವ ಕಾರ್ಯಕ್ಕ, ಎಷ್ಟರ ಒಳಗ ತೋರಸ್ಲಿ?” ಎಂದು ಕೇಳಿ ಆಮೇಲೆ ಸೀರೆ ಇಳಿಸಿದರು. ಅವರು ಏನೂ ಕೊಳ್ಳದೆ ಎದ್ದಾಗಲೂ ಮುಖ ಬಾಡಿಸಲಿಲ್ಲ. ಎರಡು: ಸಂತೆಯ ದಿನ ಒಳಗಿನ ಗಾದಿಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಬಂದು ನಿಂತರು. ಒಳಗಿನವರು ಸೀರೆ ಮಡಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ, ಕೂರಿ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಹೋದರು. ಸೇಲ್ ಪುಸ್ತಕದಲ್ಲಿ ಈ ಎರಡಕ್ಕೂ ಒಂದು ಸಾಲೂ ಇಲ್ಲ.

ಹೀಗೆ ಕೂಡಿಸಿದ ಘಟನೆಗಳಿಂದ ನಾಲ್ಕು ಅಂಶಗಳ ಪಟ್ಟಿ ಮಾಡಿದೆ: ಬಂದವರನ್ನು ಬರಮಾಡಿಕೊಳ್ಳುವುದು, ತೋರಿಸುವ ಮೊದಲು ಬೇಕಾದ್ದನ್ನು ಕೇಳುವುದು, ಕೊಳ್ಳದವರನ್ನು ಕಳುಹಿಸುವ ರೀತಿ, ದೂರು ತಂದವರೊಂದಿಗೆ ವರ್ತನೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ, ಆದರೆ ಅಂಕದ ಎದುರು ನಡೆಯನ್ನೇ ಬರೆದೆ. ದೂರಿನ ಉದಾಹರಣೆ ನೋಡಿ. 1 ಅಂಕ: ಬಿಲ್ ನೋಡುವ ಮೊದಲೇ “ಮಾರಿದ ಮಾಲು ವಾಪಸ್ ಇಲ್ಲ” ಎನ್ನುತ್ತಾರೆ. 3 ಅಂಕ: ಕೇಳಿಸಿಕೊಂಡು ಮಾಲಕರ ಕಡೆ ಕಳುಹಿಸುತ್ತಾರೆ. 5 ಅಂಕ: ಸೀರೆ ಬಿಚ್ಚಿ ತಪ್ಪು ಯಾರದೆಂದು ನೋಡಿ, ಕಾರಣ ಹೇಳಿ, ಪರಿಹಾರ ತಾವೇ ಸೂಚಿಸುತ್ತಾರೆ. ಹೀಗೆ ಬರೆದಿಟ್ಟರೆ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಮಾಲಕರೂ ನಾನೂ ಬೇರೆ ಬೇರೆಯಾಗಿ ಅಂಕ ಹಾಕಿದೆವು. ಎಲ್ಲಿ ಎರಡು ಅಂಕದ ಅಂತರ ಬಂತೋ ಅಲ್ಲಿ ವಹಿ ತೆಗೆದು ಘಟನೆ ಓದಿ ಒಂದಕ್ಕೆ ಬಂದೆವು.

ನಾವು ಎದುರಿಗಿದ್ದಾಗ ಎಲ್ಲರೂ ಚೆನ್ನಾಗಿ ನಡೆಯುತ್ತಾರೆ. ಅದಕ್ಕೆ ಅವರಿಗೆ ಪರಿಚಯವಿಲ್ಲದ ಮೂವರನ್ನು ಗಿರಾಕಿಗಳಂತೆ ಕಳುಹಿಸಿದೆವು, ಹೀಗೆ ಕಳುಹಿಸುತ್ತೇವೆಂದು ಮೊದಲೇ ಹೇಳಿದ್ದೆವು. ಮೂವರೂ ಎರಡೂ ಗಾದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಒಬ್ಬರನ್ನೇ ಒಂದೇ ಸಲ ಕಳುಹಿಸಿ ತೀರ್ಪು ಕೊಡುವುದು ಅನ್ಯಾಯ. ಆ ದಿನ ಸೇಲ್ಸ್‌ಮನ್‌ನ ಮನೆಯಲ್ಲಿ ಯಾರಿಗಾದರೂ ಜ್ವರ ಇದ್ದಿರಬಹುದು.

20ಕ್ಕೆ ಮುಂದಿನವರಿಗೆ 16 ಬಂದವು. ಒಳಗಿನವರಿಗೆ 10. ದೂರಿನ ಅಂಶದಲ್ಲಿ ಅವರಿಗೆ 5 ಇತ್ತು, ಬರಮಾಡಿಕೊಳ್ಳುವುದರಲ್ಲಿ 1.

ಕೂಡಿಸಬೇಕೋ, ಬಿಡಿಯಾಗಿಡಬೇಕೋ?

ಮಾಲಕರು ಕೇಳಿದರು: “ಎಲ್ಲಾ ಕೂಡ್ಸಿ ಯಾರು ಮುಂದ ಅಂತ ಹೇಳ್ರಿ.” ತಿಳಿವಳಿಕೆ ಮತ್ತು ವರ್ತನೆ ಎರಡೂ ಕೂಡಿಸಿದರೆ ಮುಂದಿನವರದು 24, ಒಳಗಿನವರದು 28. ಹೆಚ್ಚು ಅಂತರವಿಲ್ಲ. ಆದರೆ ಆ ಮೊತ್ತ ಹೇಳಬೇಕಾದ್ದನ್ನೇ ಮುಚ್ಚಿಬಿಡುತ್ತದೆ. ಒಬ್ಬರಿಗೆ ಮಾಲಿನ ತರಬೇತಿ ಬೇಕು, ಇನ್ನೊಬ್ಬರಿಗೆ ತಲೆ ಎತ್ತಿ “ಬರ್ರಿ” ಎನ್ನುವುದು ಬೇಕು. ನಿಯಂತ್ರಣ ಪಾಠದ ಐದು ಹಂತ ನೆನಪಿಸಿಕೊಳ್ಳಿ. ಹೋಲಿಕೆಯ ನಂತರ ಬರುವುದು ವಿಚಲನೆಯ ಕಾರಣ ಹುಡುಕುವುದು, ಆಮೇಲೆ ಸರಿಪಡಿಸುವ ಕ್ರಮ. ಮೊತ್ತ ಹೋಲಿಕೆಯಲ್ಲೇ ನಿಲ್ಲುತ್ತದೆ. ಬೋನಸ್ ಹಂಚಲು ಮೊತ್ತ ಬೇಕಾಗಬಹುದು. ತಿದ್ದಲು ಬಿಡಿ ಅಂಕವೇ ಬೇಕು.

ಮಾಲಕರು ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದರು. ಅಂಕ ಹೇಳಲಿಲ್ಲ, ವಹಿಯ ಘಟನೆಗಳನ್ನು ಹೇಳಿದರು. ಒಳಗಿನವರು ಸಂತೆ ದಿನದ ಘಟನೆ ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಅವರು ಎದ್ದ ಹೋಗಿದ್ದು ನಂಗ ಕಾಣಲೇ ಇಲ್ರಿ” ಎಂದರು. ದಿನಾ ಬೆಳಿಗ್ಗೆ ಅರ್ಧ ತಾಸು ಅವರು ಮುಂದಿನವರಿಗೆ ಸೀರೆ ತಿರುವಿ ತೋರಿಸುವುದು, ಸಂಜೆ ಎರಡು ತಾಸು ಮುಂದಿನ ಗಾದಿಯಲ್ಲಿ ಅವರ ಪಕ್ಕ ಕೂರುವುದು ಎಂದು ಗೊತ್ತಾಯಿತು. ಕೆಲಸ ಯಾರದೂ ಹೋಗಲಿಲ್ಲ.

ಮುಂದಿನ ಸೀಜನ್‌ನಲ್ಲಿ ಮತ್ತೆ ಹದಿನೈದು ದಿನ ನೋಡಿದೆವು. ಮುಂದಿನ ಗಾದಿಯಲ್ಲಿ ‘ಹೇಳಿದ್ದೊಂದು, ಇರೋದೊಂದು’ ಎಂದು ಬದಲಿಗೆ ಬಂದ ಬಿಲ್ 9ರಿಂದ 2ಕ್ಕೆ ಇಳಿದಿತ್ತು. ಒಳಗಿನವರ ಬರಮಾಡಿಕೊಳ್ಳುವ ಅಂಕ 1ರಿಂದ 3ಕ್ಕೆ ಏರಿತ್ತು. 5 ಎಂದೂ ಆಗಲಿಲ್ಲ. ಐವತ್ತು ವರ್ಷದ ಸ್ವಭಾವ ಒಂದು ವರ್ಷದಲ್ಲಿ ಅಷ್ಟು ಬದಲಾದದ್ದೇ ಹೆಚ್ಚು.

ಅಭ್ಯಾಸಕ್ಕೆ

1. ಒಬ್ಬ ಸೇಲ್ಸ್‌ಮನ್‌ನ ಮಾರಾಟ ತಿಂಗಳಿಗೆ ₹2,00,000. ಇನ್ನೊಬ್ಬನದು ₹1,50,000. ಯಾರು ಮೇಲು ಎಂದು ಹೇಳುವ ಮೊದಲು ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ.

2. ನಿಮ್ಮ ಊರಿನ ಒಂದು ಕಿರಾಣಿ, ಚಪ್ಪಲಿ ಅಥವಾ ಬೀಜ-ಗೊಬ್ಬರದ ಅಂಗಡಿಯಲ್ಲಿ ಮಾಲಕರ ಅನುಮತಿ ಪಡೆದು ಒಂದು ತಾಸು ಕೂತು, ನಾಲ್ಕು ಘಟನೆಗಳನ್ನು ಮೇಲಿನಂತೆ ಮೂರು ಭಾಗದಲ್ಲಿ ಬರೆಯಿರಿ. ‘ಒಳ್ಳೆಯ’, ‘ಕೆಟ್ಟ’ ಎಂಬ ಶಬ್ದ ಬಳಸಬೇಡಿ.

3. ಅದೇ ಅಂಗಡಿಯ ಸೇಲ್ಸ್‌ಮನ್‌ಗೆ ಮಾಲಿನ ತಿಳಿವಳಿಕೆಯ ಪರೀಕ್ಷೆ ತಯಾರಿಸಿ. ಓದುಬರಹ ಬಾರದವರೂ ಪೂರ್ಣ ಅಂಕ ಪಡೆಯುವಂತಿರಬೇಕು.

ಮೂರನೆಯದನ್ನು ಬರೆದವರು ನನಗೆ ತಂದು ತೋರಿಸಿ. ನಾನು ಮೊದಲ ಸಲ ತಪ್ಪಿದ್ದು ಅದರಲ್ಲೇ.